ಕೋಡ್‌ನಿಂದ ಪ್ರಾಡಕ್ಟ್ ಕಡೆಗೆ: ಒಗ್ಗುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯುವ ಬಗೆ

ಪ್ರಶ್ನೆ: ನನಗೆ 29 ವರ್ಷ, ಊರು ಸಿಂಧನೂರು. ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ತಯಾರಿಸುವ ಬೆಂಗಳೂರಿನ ಕಂಪನಿಯಲ್ಲಿ ಆರು ವರ್ಷದಿಂದ ಬ್ಯಾಕೆಂಡ್ ಡೆವಲಪರ್ ಆಗಿದ್ದೇನೆ. ಈಗ ಬಳ್ಳಾರಿಯ ಮನೆಯಿಂದಲೇ ಕೆಲಸ. ಕೋಡ್ ಬರೆಯುವುದು ಬೇಸರವಾಗತೊಡಗಿದೆ. ‘ಚೆನ್ನಾಗಿ ಮಾತನಾಡುತ್ತೀರಿ, ಪ್ರಾಡಕ್ಟ್ ಮ್ಯಾನೇಜರ್ ಆಗಿ’ ಎಂದು ನಮ್ಮ ಮ್ಯಾನೇಜರ್ ಹೇಳುತ್ತಾರೆ. ಒಂದು ಹುದ್ದೆಯೂ ಖಾಲಿ ಇದೆ. ಆ ಕೆಲಸ ನನಗೆ ಒಗ್ಗುತ್ತದೆಯೇ ಎಂದು ಹೋಗುವ ಮೊದಲೇ ತಿಳಿಯಲು ದಾರಿ ಇದೆಯೇ? ಎಂಬಿಎ ಮಾಡಬೇಕೇ?

ಉತ್ತರ: ನಿಮ್ಮ ಮಾತುಗಾರಿಕೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಾನು ಡೆವಲಪರ್ ಆಗಿದ್ದು ಐದು ವರ್ಷ, ಪ್ರಾಡಕ್ಟ್ ಕಡೆಗೆ ಬಂದು ಹನ್ನೊಂದು ವರ್ಷ. ಈ ಅವಧಿಯಲ್ಲಿ ಕಂಡ ಅತ್ಯುತ್ತಮ ಪ್ರಾಡಕ್ಟ್ ಮ್ಯಾನೇಜರ್‌ಗಳಲ್ಲಿ ಇಬ್ಬರು ಸಭೆಯಲ್ಲಿ ಬಾಯಿ ಬಿಡುವುದೇ ಅಪರೂಪವಾಗಿತ್ತು. ಚೆನ್ನಾಗಿ ಮಾತನಾಡುವವರಿಗೆ ಈ ಕೆಲಸದಲ್ಲಿ ಒಂದು ಅಪಾಯವೂ ಇದೆ: ಅರ್ಧ ಬೆಂದ ವಿಚಾರವನ್ನೂ ಅವರು ಎಲ್ಲರಿಗೂ ಒಪ್ಪಿಸಿಬಿಡಬಲ್ಲರು.

ಬೇಸರದ ಮೂಲ ಯಾವುದು ಎಂದೂ ನೋಡಿಕೊಳ್ಳಿ. ರಾತ್ರಿ ಎರಡಕ್ಕೆ ಸರ್ವರ್ ಬಿದ್ದಾಗ ಏಳುವುದು, ಹತ್ತು ವರ್ಷದ ಹಳೆಯ ಕೋಡಿಗೆ ತೇಪೆ ಹಾಕುವುದು, ಇವುಗಳಿಂದ ಬಂದ ಬೇಸರಕ್ಕೆ ತಂಡ ಬದಲಿಸಿದರೆ ಸಾಕು. ಎರಡು ತಿಂಗಳು ಕಷ್ಟಪಟ್ಟು ಕಟ್ಟಿದ್ದನ್ನು ಯಾರೂ ಬಳಸಲಿಲ್ಲ, ಏಕೆ ಬಳಸಲಿಲ್ಲ ಎಂದು ಯಾರೂ ವಿಚಾರಿಸಲಿಲ್ಲ, ಅದು ನಿಮ್ಮ ನಿದ್ದೆ ಕೆಡಿಸಿತು ಎಂದಾದರೆ ಅದು ಬೇರೆ ಬಗೆಯ ಬೇಸರ. ಅಂಥದ್ದಿದ್ದರೆ ಮುಂದೆ ಓದಿ.

ಹುದ್ದೆಯ ಕರ್ತವ್ಯಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ ನೀವೀಗ ಇರುವ ಬಳ್ಳಾರಿಯಲ್ಲೇ ನಡೆದ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ಓದುವಾಗ ನಿಮ್ಮ ಮನಸ್ಸು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸುತ್ತಿರಿ.

ಬಳ್ಳಾರಿಯ ಜೀನ್ಸ್ ಉದ್ಯಮದಲ್ಲಿ ಹೊಲಿಗೆಯ ದೊಡ್ಡ ಪಾಲು ಜಾಬ್ ವರ್ಕ್‌ನಲ್ಲಿ ನಡೆಯುತ್ತದೆ. ಕತ್ತರಿಸಿದ ಬಟ್ಟೆ ಬಂಡಲ್ ಆಗಿ ಟೈಲರ್‌ಗಳ ಕೈಗೆ ಹೋಗುತ್ತದೆ, ಹೊಲಿದು ಬಂದ ಮೇಲೆ ಪೀಸ್ ಲೆಕ್ಕದಲ್ಲಿ ಕೂಲಿ. ನಾನಿದ್ದ ಸಣ್ಣ ಕಂಪನಿಯೊಂದು ಈ ಬಂಡಲ್‌ಗಳ ಲೆಕ್ಕ ಇಡುವ ಮೊಬೈಲ್ ಆ್ಯಪ್ ಮಾಡಿತ್ತು. 38 ಘಟಕಗಳು ಅದನ್ನು ಬಳಸುತ್ತಿದ್ದವು. ಮಾಲೀಕರಿಂದ ಪದೇ ಪದೇ ಬರುತ್ತಿದ್ದ ಬೇಡಿಕೆ ಒಂದೇ: ‘ಎಂಟ್ರಿ ನಿಧಾನ, ಬಾರ್‌ಕೋಡ್ ಕೊಡಿ.’ ನಾನಾಗ ಡೆವಲಪರ್. ಇಬ್ಬರು ಸೇರಿ ಏಳು ವಾರದಲ್ಲಿ ಮುಗಿಸಬಹುದು ಎಂದು ಅಂದಾಜು ಕೊಟ್ಟಿದ್ದೆ. ಬಾರ್‌ಕೋಡ್ ಅಂಟಿಸುವ ಪ್ರಿಂಟರ್ ಯಾವುದು, ಸಂಕೇತದ ಉದ್ದ ಎಷ್ಟು ಎಂಬುದನ್ನೂ ಮನಸ್ಸಿನಲ್ಲೇ ನಿರ್ಧರಿಸಿಯಾಗಿತ್ತು.

ಪ್ರಾಡಕ್ಟ್ ನೋಡಿಕೊಳ್ಳುತ್ತಿದ್ದ ಹಿರಿಯರು ಕೆಲಸ ಬಿಟ್ಟು ಹೋಗಿದ್ದರು. ‘ಕಟ್ಟುವ ಮೊದಲು ಒಮ್ಮೆ ನೋಡಿ ಬಾ’ ಎಂದು ನನ್ನನ್ನೇ ಕಳುಹಿಸಿದರು. ಹೊರಡುವ ಹಿಂದಿನ ದಿನ, ಕೈ ಸುಮ್ಮನಿರದೆ, ಎಂಟ್ರಿಗಳು ವಾರದ ಯಾವ ದಿನ ಆಗುತ್ತವೆ ಎಂದು ಡೇಟಾಬೇಸನ್ನು ಕೇಳಿದೆ:

```sql
SELECT EXTRACT(DOW FROM created_at) AS weekday,
       COUNT(*) AS entries
FROM bundle_entries
GROUP BY weekday
ORDER BY weekday;
```

ಉತ್ತರದಲ್ಲಿ ವಾರದ ದಿನಗಳು ಸಂಖ್ಯೆಯಾಗಿ ಬರುತ್ತವೆ: ಭಾನುವಾರಕ್ಕೆ ಸೊನ್ನೆ, ಶುಕ್ರವಾರಕ್ಕೆ ಐದು, ಶನಿವಾರಕ್ಕೆ ಆರು. ಬಂಡಲ್‌ಗಳು ವಾರವಿಡೀ ಓಡಾಡುತ್ತವೆ, ಆದ್ದರಿಂದ ಎಂಟ್ರಿಯೂ ವಾರವಿಡೀ ಹರಡಿರಬೇಕು. ಆದರೆ ನೂರಕ್ಕೆ ಸುಮಾರು ಎಪ್ಪತ್ತು ಎಂಟ್ರಿಗಳು ಶುಕ್ರವಾರ ಮತ್ತು ಶನಿವಾರವೇ ಆಗಿದ್ದವು. ಬಟವಾಡೆ ಇರುವುದು ಶನಿವಾರ.

ಕೌಲ್ ಬಜಾರ್ ಕಡೆಯ ಒಂದು ಘಟಕದಲ್ಲಿ ಎರಡು ದಿನ ಕುಳಿತೆ. ಬಂಡಲ್ ಕೊಡುವವರು, ತೆಗೆದುಕೊಳ್ಳುವವರು ಹೆಲ್ಪರ್. ಅವರ ಕೈಯಲ್ಲಿ ಫೋನ್ ಇಲ್ಲ, ಚೀಟಿ ಇದೆ. ಚೀಟಿಗಳು ಒಂದು ಕಂಬಿಗೆ ಚುಚ್ಚಿಕೊಂಡು ವಾರವಿಡೀ ಬಿದ್ದಿರುತ್ತವೆ, ಶುಕ್ರವಾರ ರಾತ್ರಿ ಸೂಪರ್‌ವೈಸರ್ ಕುಳಿತು ಒಟ್ಟಿಗೆ ತುಂಬುತ್ತಾರೆ. ಇನ್ನೂರು ಚೀಟಿ ಒಟ್ಟಿಗೆ ತುಂಬುವವರಿಗೆ ಯಾವ ಆ್ಯಪ್ ಆದರೂ ನಿಧಾನವೇ. ಬಾರ್‌ಕೋಡ್ ಬಂದರೂ ಸ್ಕ್ಯಾನ್ ಆಗಬೇಕಾದದ್ದು ಹೆಲ್ಪರ್ ನಿಂತ ಜಾಗದಲ್ಲಿ, ಅಲ್ಲಿ ಫೋನೇ ಇಲ್ಲ.

ನಿಜವಾದ ಗಲಾಟೆ ಶನಿವಾರ ಕಂಡಿತು. ಇಪ್ಪತ್ತೈದರ ಬಂಡಲ್‌ನಲ್ಲಿ ಇಪ್ಪತ್ತನಾಲ್ಕು ವಾಪಸು ಬಂದಿರುತ್ತದೆ, ಒಂದು ಪ್ಯಾಂಟ್ ಜಿಪ್ ಕೆಟ್ಟು ಮನೆಯಲ್ಲೇ ಉಳಿದಿರುತ್ತದೆ. ಚೀಟಿಯಲ್ಲಿ ಇಪ್ಪತ್ತೈದು ಎಂದಿದೆ ಎಂದು ಟೈಲರ್, ಇಪ್ಪತ್ತನಾಲ್ಕೇ ಬಂದದ್ದು ಎಂದು ಸೂಪರ್‌ವೈಸರ್. ಆ ಘಟಕದ 22 ಟೈಲರ್‌ಗಳಲ್ಲಿ ಆ ದಿನ 11 ಜನರ ಲೆಕ್ಕ ಜಗಳದಲ್ಲಿ ನಿಂತಿತು. ಮಾಲೀಕರ ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು. ‘ಎಂಟ್ರಿ ನಿಧಾನ’ ಎಂದು ಅವರು ದೂರುತ್ತಿದ್ದುದು ಈ ಮಧ್ಯಾಹ್ನವನ್ನೇ. ತಮಗೆ ಗೊತ್ತಿದ್ದ ಪರಿಹಾರದ ಹೆಸರಿನಲ್ಲಿ ದೂರಿದ್ದರು, ಅಷ್ಟೇ.

ಮುಂದಿನ ಎರಡು ವಾರ ನಾವು ಒಂದು ಸಾಲು ಕೋಡ್ ಬರೆಯಲಿಲ್ಲ. ಬಂಡಲ್ ಬಂದ ತಕ್ಷಣ ಟೈಲರ್, ಹೆಲ್ಪರ್ ಇಬ್ಬರೂ ಎದುರೇ ಎಣಿಸಿ, ಚೀಟಿಯ ಫೋಟೋ ವಾಟ್ಸಾಪ್ ಗುಂಪಿಗೆ ಹಾಕುವುದು. ನಮ್ಮ ಕಚೇರಿಯಲ್ಲಿ ಕುಳಿತು ನಾನು ಅದನ್ನು ಎಂಟ್ರಿ ಮಾಡಿ ‘ಇವತ್ತಿಗೆ ಇಷ್ಟು ಪೀಸ್’ ಎಂದು ಟೈಲರ್‌ಗೆ ಸಂದೇಶ ಕಳುಹಿಸುವುದು. ಇದಕ್ಕೆಂದು ಮಾಲೀಕರು ಹೆಲ್ಪರ್‌ಗೆ ಒಂದು ಹಳೆಯ ಫೋನ್ ಕೊಟ್ಟರು. ಎರಡನೆಯ ಶನಿವಾರ ಜಗಳ ನಾಲ್ಕಕ್ಕೆ ಇಳಿಯಿತು. ಅದನ್ನೇ ಆ್ಯಪ್‌ನಲ್ಲಿ ಮೂರು ವಾರದಲ್ಲಿ ಕಟ್ಟಿದೆವು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಹೇಳುತ್ತಲೇ ಇರಲಿಲ್ಲ. ಎರಡನೆಯ ಘಟಕಕ್ಕೆ ಹೋದಾಗ ಮಾಲೀಕರು ಖಡಾಖಂಡಿತವಾಗಿ ಬೇಡ ಎಂದರು. ಅವರು ಟೈಲರ್‌ಗಳಿಗೆ ಕೊಟ್ಟ ಮುಂಗಡವನ್ನು ವಾರವಾರವೂ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. ಎಷ್ಟು ಮುರಿಯುವುದು ಎಂಬುದು ಶನಿವಾರ ಬೆಳಗ್ಗೆ ಅವರ ಮನಸ್ಸಿನಲ್ಲಿ ತೀರ್ಮಾನವಾಗುತ್ತಿತ್ತು. ಟೈಲರ್‌ಗೆ ದಿನದಿನದ ಲೆಕ್ಕ ರೂಪಾಯಿಯಲ್ಲಿ ಕಂಡರೆ ಆ ಸಡಿಲ ಹೋಗುತ್ತದೆ. ನಮಗೆ ಹಣ ಕೊಡುವವರು ಮಾಲೀಕರು, ಲಾಭ ಆಗುವುದು ಟೈಲರ್‌ಗೆ. ಯಾರ ಕಡೆ ನಿಲ್ಲುವುದು? ಎಂಜಿನಿಯರ್ ಒಬ್ಬರು ‘ರೂಪಾಯಿ ತೋರಿಸದಿದ್ದರೆ ಇದು ಅರ್ಧ ಕೆಲಸ’ ಎಂದರು. ಮಾರಾಟದವರು ‘ಎಲ್ಲವನ್ನೂ ಬಿಟ್ಟು ಬಾರ್‌ಕೋಡೇ ಕೊಡಿ, ಕೇಳಿದ್ದು ಅದನ್ನೇ’ ಎಂದರು. ಕೊನೆಗೆ ಪೀಸ್ ಎಣಿಕೆಯನ್ನು ಮಾತ್ರ ತೋರಿಸುವುದು, ರೂಪಾಯಿ ಬೇಡ ಎಂದು ನಾನು ತೀರ್ಮಾನಿಸಿದೆ. ಮೂರು ತಿಂಗಳಲ್ಲಿ 38ರಲ್ಲಿ 17 ಘಟಕಗಳು ಅದನ್ನು ಬಳಸತೊಡಗಿದವು. ಉಳಿದವು ಬಳಸಲಿಲ್ಲ. ಆ ತೀರ್ಮಾನ ಸರಿಯಿತ್ತೇ ಎಂದು ಇವತ್ತು ಕೇಳಿದರೂ ನನ್ನಲ್ಲಿ ಎದೆ ತಟ್ಟಿ ಹೇಳುವ ಉತ್ತರವಿಲ್ಲ.

ಈಗ ನಿಮ್ಮ ವಿಷಯ. ವಾಟ್ಸಾಪ್ ಸಂದೇಶವನ್ನು ಸರ್ವರ್‌ಗೆ ಹೇಗೆ ಜೋಡಿಸಿದರು, ಎಣಿಕೆ ಎರಡು ಸಲ ದಾಖಲಾಗದಂತೆ ಹೇಗೆ ತಡೆದರು ಎಂದು ಕೇಳಬೇಕೆನಿಸಿ, ಮುಂಗಡದ ಭಾಗವನ್ನು ಬೇಗ ದಾಟಿಸಿಕೊಂಡು ಓದಿದ್ದರೆ ನಿಮ್ಮ ಒಲವು ಇನ್ನೂ ಕಟ್ಟುವ ಕಡೆಗೇ ಇದೆ, ಅದು ಕೊರತೆಯೇನಲ್ಲ. ಮುಂಗಡದ ವಿಷಯ ಬಂದಾಗ ‘ಅರೆ, ಇದನ್ನು ಮೊದಲೇ ಏಕೆ ಕೇಳಲಿಲ್ಲ’ ಎಂದು ನನ್ನ ಮೇಲೆ ಸಿಟ್ಟು ಬಂದಿದ್ದರೆ ಒಳ್ಳೆಯ ಸೂಚನೆ. 17 ಘಟಕ ಎಂಬ ಅರ್ಧ ಗೆಲುವು ನಿಮಗೆ ತಡೆಯಲಾರದಷ್ಟು ಕಿರಿಕಿರಿ ಮಾಡಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಕೋಡಿನಲ್ಲಿ ಟೆಸ್ಟ್ ಪಾಸಾಗುತ್ತದೆ ಅಥವಾ ಫೇಲಾಗುತ್ತದೆ, ಅದೂ ಕೆಲವು ನಿಮಿಷಗಳಲ್ಲಿ. ಇಲ್ಲಿ ಉತ್ತರ ಮೂರು ತಿಂಗಳಿಗೆ ಬರುತ್ತದೆ, ಬಂದರೂ ಮಸುಕಾಗಿರುತ್ತದೆ. ಡೆವಲಪರ್ ಕೆಲಸದಿಂದ ಇಲ್ಲಿಗೆ ಬಂದವರು ಮರಳಿ ಹೋಗುವುದು ನನ್ನ ಅನುಭವದಲ್ಲಿ ಹೆಚ್ಚಾಗಿ ಈ ಕಾರಣಕ್ಕೇ.

ಓದಿನ ಪರೀಕ್ಷೆ ಸಾಲದು, ಮಾಡಿ ನೋಡಬೇಕು. ರಾಜೀನಾಮೆ, ಎಂಬಿಎ ಯಾವುದೂ ಬೇಡ. ಆರು ವಾರ, ವಾರಕ್ಕೆ ನಾಲ್ಕೈದು ಗಂಟೆ, ಇದ್ದ ಕೆಲಸದ ಜೊತೆಗೇ.

ನಿಮ್ಮ ತಂಡದ ಬಾಕಿ ಪಟ್ಟಿಯಿಂದ ಗ್ರಾಹಕರು ಪದೇ ಪದೇ ಕೇಳಿದ ಒಂದು ಬೇಡಿಕೆಯನ್ನು ಆರಿಸಿ. ಸಪೋರ್ಟ್ ವಿಭಾಗದಿಂದ ಅದಕ್ಕೆ ಸಂಬಂಧಿಸಿದ ಐವತ್ತು ದೂರುಗಳನ್ನು ತರಿಸಿಕೊಂಡು, ಸಾರಾಂಶ ಬಿಟ್ಟು, ಗ್ರಾಹಕರು ಬರೆದ ಮಾತುಗಳನ್ನೇ ಓದಿ. ಆಮೇಲೆ ಐದು ಅಂಗಡಿಗಳಿಗೆ ಹೋಗಿ. ನಿಮಗೆ ಇದು ಸುಲಭ: ಸಿಂಧನೂರಿನ ಗೊಬ್ಬರ, ಬೀಜ, ಕ್ರಿಮಿನಾಶಕದ ಅಂಗಡಿಗಳಲ್ಲಿ ಬಿಲ್ಲಿಗಿಂತ ಉದ್ದರಿ ಪುಸ್ತಕವೇ ದೊಡ್ಡದು, ಬೆಂಗಳೂರಿನಲ್ಲಿ ಕುಳಿತ ಸಹೋದ್ಯೋಗಿಗಳಿಗೆ ಆ ಪುಸ್ತಕದ ಪರಿಚಯವೇ ಇರಲಿಕ್ಕಿಲ್ಲ. ನಿಮ್ಮ ಕಂಪನಿಯ ಗ್ರಾಹಕರ ಬಳಿ ಹೋಗುವುದಾದರೆ ಮ್ಯಾನೇಜರ್‌ಗೆ ಹೇಳಿಯೇ ಹೋಗಿ. ಭತ್ತದ ದುಡ್ಡು ಕೈಗೆ ಬಂದು ರೈತರು ಉದ್ದರಿ ತೀರಿಸುವ ದಿನಗಳಾದರೆ ಇನ್ನೂ ಒಳ್ಳೆಯದು. ಮಾಲೀಕರಿಗೆ ಆಗ ಮಾತನಾಡಲು ಪುರುಸೊತ್ತು ಇರುವುದಿಲ್ಲ, ಆದರೆ ಒಂದು ಸ್ಟೂಲ್ ಹಾಕಿಕೊಂಡು ಮೂಲೆಯಲ್ಲಿ ಕುಳಿತರೆ ಅವರು ಹೇಳಲಾರದ್ದೂ ಕಣ್ಣಿಗೆ ಬೀಳುತ್ತದೆ.

ಕೇಳುವ ಪ್ರಶ್ನೆಯಲ್ಲಿ ಎಚ್ಚರವಿರಲಿ. ‘ಉದ್ದರಿಗೆ ಎಸ್‌ಎಂಎಸ್ ಬರುವ ಹಾಗೆ ಮಾಡಿದರೆ ಬಳಸುತ್ತೀರಾ?’ ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ನಮ್ಮ ಕಡೆಯವರು ಮನೆ ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನುವುದಿಲ್ಲ. ‘ಕಳೆದ ಬಾರಿ ಉದ್ದರಿ ಲೆಕ್ಕದಲ್ಲಿ ತಕರಾರು ಬಂದದ್ದು ಯಾವಾಗ, ಯಾರ ಜೊತೆ, ಹೇಗೆ ಬಗೆಹರಿಸಿದಿರಿ?’ ಎಂದು ಕೇಳಿ. ನಡೆದದ್ದನ್ನು ಹೇಳುವಾಗ ಜನ ಸುಳ್ಳಾಡುವುದು ಕಡಿಮೆ. ಅವರು ಹೇಳುತ್ತಿರುವಾಗ ನಿಮ್ಮ ತಲೆಯಲ್ಲಿ ಟೇಬಲ್‌ಗಳು, ಎಪಿಐಗಳು ತಾವಾಗಿಯೇ ಮೂಡುತ್ತವೆ. ಮೂಡಲಿ. ಅದನ್ನು ಬಾಯಿಗೆ ತರದೆ ಇನ್ನೂ ಅರ್ಧ ಗಂಟೆ ಕೇಳಿಸಿಕೊಳ್ಳಲು ಆಗುತ್ತದೆಯೇ ಎಂಬುದು ಮೊದಲ ಗುರುತು.

ಎರಡನೆಯ ಗುರುತು ಬರವಣಿಗೆಯಲ್ಲಿ ಸಿಗುತ್ತದೆ. ಕಂಡದ್ದನ್ನು ಒಂದು ಪುಟದಲ್ಲಿ ಬರೆಯಿರಿ: ಯಾರಿಗೆ, ಯಾವಾಗ, ಏನು ತೊಂದರೆ, ಅದರಿಂದ ಎಷ್ಟು ಹೊತ್ತು ಅಥವಾ ಎಷ್ಟು ಹಣ ಹೋಗುತ್ತಿದೆ, ಅದು ಕಡಿಮೆಯಾಯಿತು ಎಂದು ಯಾವ ಸಂಖ್ಯೆಯಿಂದ ತಿಳಿಯುತ್ತೇವೆ, ಈ ಸಲ ಏನನ್ನು ಮಾಡುವುದಿಲ್ಲ. ಪರದೆ, ಬಟನ್, ಡೇಟಾಬೇಸ್ ಎಂಬ ಪದಗಳು ಆ ಪುಟದಲ್ಲಿ ಬರಕೂಡದು. ಡೆವಲಪರ್‌ಗಳಿಗೆ ಇದು ತುಂಬ ಹಿಂಸೆ. ನನ್ನ ಮೊದಲ ಪುಟದಲ್ಲಿ ಕಾಲಮ್‌ಗಳ ಹೆಸರುಗಳೂ ಇದ್ದವು. ಮೂರನೆಯ ಸಲ ತಿದ್ದುವಾಗಲೂ ನಿಮ್ಮ ಪುಟ ವಿನ್ಯಾಸದ ದಾಖಲೆಯಾಗಿಯೇ ತಿರುಗುತ್ತಿದ್ದರೆ, ‘ಏಕೆ’ ಎನ್ನುವುದಕ್ಕಿಂತ ‘ಹೇಗೆ’ ಎನ್ನುವುದು ನಿಮಗೆ ಪ್ರಿಯ.

ಆ ಪುಟವನ್ನು ತಂಡದ ಅತ್ಯಂತ ಒರಟು ಎಂಜಿನಿಯರ್ ಕೈಗೆ ಕೊಡಿ. ಅವರೇ ಪರಿಹಾರ ಸೂಚಿಸಲಿ, ಅವರೇ ಅಂದಾಜು ಹೇಳಲಿ. ಅವರು ಮೂರು ವಾರ ಎಂದಾಗ ‘ನಾನಾದರೆ ಐದು ದಿನದಲ್ಲಿ ಮುಗಿಸುತ್ತಿದ್ದೆ’ ಎಂದು ನಿಮ್ಮ ನಾಲಿಗೆಯ ತುದಿಗೆ ಬರುತ್ತದೆ. ಇಲ್ಲೇ ನಾನು ಎಡವಿದ್ದು. ಪ್ರಾಡಕ್ಟ್‌ಗೆ ಬಂದ ನಾಲ್ಕನೆಯ ತಿಂಗಳು, ಒಂದು ದೋಷ ಸರಿಹೋಗುವುದು ತಡವಾಗುತ್ತಿದೆ ಎಂದು ರಾತ್ರಿ ಕುಳಿತು ನಾನೇ ಸರಿಪಡಿಸಿಬಿಟ್ಟೆ. ಬೆಳಗ್ಗೆ ಎಲ್ಲರೂ ಹೊಗಳುತ್ತಾರೆ ಎಂದುಕೊಂಡಿದ್ದೆ. ಹಿರಿಯ ಎಂಜಿನಿಯರ್ ಒಬ್ಬರು ಮೆತ್ತಗೆ ಕೇಳಿದರು: ‘ಇದನ್ನು ನೀವು ಮಾಡಿದಿರಿ ಸರಿ, ದರಪಟ್ಟಿಯ ತೀರ್ಮಾನವನ್ನು ಯಾರು ಮಾಡುತ್ತಾರೆ?’ ಆ ತೀರ್ಮಾನ ಒಂಬತ್ತು ದಿನದಿಂದ ನನ್ನ ಮೇಜಿನ ಮೇಲೇ ಬಿದ್ದಿತ್ತು. ಅಷ್ಟರಲ್ಲಿ ಮಾರಾಟದವರು ಇಬ್ಬರು ಗ್ರಾಹಕರಿಗೆ ಎರಡು ಬೇರೆ ಬೇರೆ ದರ ಹೇಳಿಯೂ ಆಗಿತ್ತು. ಕಷ್ಟದ ತೀರ್ಮಾನದಿಂದ ತಪ್ಪಿಸಿಕೊಳ್ಳಲು ನಾನು ಸುಲಭದ ಕೋಡಿಗೆ ಓಡಿಹೋಗಿದ್ದೆ. ಕೈಗೆ ಬರುವ ಕೆಲಸದಲ್ಲಿ ಅಡಗಿಕೊಳ್ಳುವುದು ನಮ್ಮಂಥವರ ವಿಶೇಷ ಕಾಯಿಲೆ.

ಮೂರನೆಯದು, ಇಲ್ಲ ಎನ್ನುವುದು. ಈ ಆರು ವಾರಗಳಲ್ಲಿ ಒಬ್ಬರಿಗಾದರೂ, ಮೇಲಧಿಕಾರಿಯಾದರೆ ಇನ್ನೂ ಉತ್ತಮ, ‘ಇದನ್ನು ಈ ತ್ರೈಮಾಸಿಕದಲ್ಲಿ ಮಾಡುವುದು ಬೇಡ, ಕಾರಣ ಹೀಗಿದೆ’ ಎಂದು ಹೇಳಬೇಕು. ಪ್ರಾಡಕ್ಟ್ ಮ್ಯಾನೇಜರ್‌ಗೆ ಎಂಜಿನಿಯರ್‌ಗಳ ಮೇಲೂ ಮಾರಾಟದವರ ಮೇಲೂ ಅಧಿಕಾರವಿರುವುದಿಲ್ಲ. ಅವರ ಸಂಬಳ, ರಜೆ, ಬಡ್ತಿ ಯಾವುದೂ ಈ ಹುದ್ದೆಯ ಕೈಯಲ್ಲಿಲ್ಲ. ಇರುವುದು ಆ ಒಂದು ಪುಟ, ಐದು ಅಂಗಡಿಗಳ ಅನುಭವ, ಒಂದೆರಡು ಸಂಖ್ಯೆ ಮಾತ್ರ. ಹೇಳಿದ ಮೇಲೆ ಎದುರಿನವರು ಮುಖ ಊದಿಸಿಕೊಂಡರೆ ಅಂದಿನ ರಾತ್ರಿ ನಿಮಗೆ ನಿದ್ದೆ ಬಂತೇ ಎಂದು ನೋಡಿಕೊಳ್ಳಿ. ಎಲ್ಲರಿಗೂ ಹೌದು ಎಂದು ಹೇಳಿ ಪಟ್ಟಿ ಉದ್ದ ಮಾಡುವವರು ಈ ಹುದ್ದೆಯಲ್ಲಿ ಎರಡು ವರ್ಷ ಚೆನ್ನಾಗಿಯೇ ಕಾಣುತ್ತಾರೆ, ಆಮೇಲೆ ಸಾಫ್ಟ್‌ವೇರೇ ಸಂತೆಯಾಗುತ್ತದೆ.

ಆರು ವಾರದ ಕೊನೆಗೆ ಏನೂ ಬಿಡುಗಡೆ ಆಗದಿದ್ದರೂ ಚಿಂತೆಯಿಲ್ಲ. ‘ಈ ಬೇಡಿಕೆಯನ್ನು ಮಾಡುವುದೇ ಬೇಡ’ ಎಂಬ ತೀರ್ಮಾನಕ್ಕೆ ಬಂದು, ಅದನ್ನು ತಂಡ ಒಪ್ಪಿದರೆ, ನನ್ನ ಮಟ್ಟಿಗೆ ಅದು ಪೂರ್ಣ ಅಂಕ. ಆಗ ನಿಮಗೆ ಸಮಾಧಾನವಾಯಿತೋ ಆರು ವಾರ ವ್ಯರ್ಥವಾಯಿತು ಅನಿಸಿತೋ ಎಂಬುದನ್ನು ಬರೆದಿಡಿ.

ಒಗ್ಗುವುದಿಲ್ಲ ಎಂದು ಕಂಡರೆ ಅದಕ್ಕೆ ಬೇರೆ ದಾರಿಗಳಿವೆ. ಜನರನ್ನು ಬೆಳೆಸುವುದು ಇಷ್ಟವಾದರೆ ಎಂಜಿನಿಯರಿಂಗ್ ಮ್ಯಾನೇಜರ್, ತಾಂತ್ರಿಕ ತೀರ್ಮಾನಗಳು ಇಷ್ಟವಾದರೆ ಟೆಕ್ ಲೀಡ್. ಇನ್ನೊಂದು ನಡುದಾರಿಯೂ ಇದೆ: ಪಾವತಿ, ಎಪಿಐ, ಡೇಟಾ ಮುಂತಾದ ಒಳಗಿನ ವ್ಯವಸ್ಥೆಗಳಿಗೆ ಪ್ರಾಡಕ್ಟ್ ಮ್ಯಾನೇಜರ್ ಆಗುವುದು. ಅಲ್ಲಿ ಗ್ರಾಹಕರೆಂದರೆ ಬೇರೆ ಡೆವಲಪರ್‌ಗಳು, ನಿಮ್ಮ ಆರು ವರ್ಷದ ಬ್ಯಾಕೆಂಡ್ ಅನುಭವ ಅಲ್ಲಿ ಪೂರ್ತಿ ಉಪಯೋಗಕ್ಕೆ ಬರುತ್ತದೆ.

ಎಂಬಿಎ ಬಗ್ಗೆ ಚಿಕ್ಕದಾಗಿ: ಇರುವ ಕಂಪನಿಯಲ್ಲೇ ಹುದ್ದೆ ಬದಲಿಸಲು ಅದು ಬೇಡ. ಉತ್ಪನ್ನ, ಗ್ರಾಹಕರು, ಕೋಡ್ ಮೂರೂ ನಿಮಗೆ ಗೊತ್ತಿವೆ. ಹೊರಗಿನಿಂದ ಬರುವ ಎಂಬಿಎ ಪದವೀಧರರಿಗೆ ಆ ಮೂರನ್ನು ಕಲಿಯುವುದಕ್ಕೇ ವರ್ಷ ಬೇಕು. ಕ್ಷೇತ್ರವನ್ನೇ ಬದಲಿಸಿ, ಕ್ಯಾಂಪಸ್ ಮೂಲಕ ದೊಡ್ಡ ಕಂಪನಿಗೆ ಹೋಗುವ ಆಸೆಯಿದ್ದರೆ ಮಾತ್ರ ಅದರ ಲೆಕ್ಕ ಹಾಕಿ. ಎರಡು ದಿನದ ಪ್ರಾಡಕ್ಟ್ ಓನರ್ ಪ್ರಮಾಣಪತ್ರಗಳು ಪರಿಭಾಷೆ ಕಲಿಸುತ್ತವೆ, ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ನಿರೀಕ್ಷಿಸಬೇಡಿ.

ಹುದ್ದೆ ಒಪ್ಪುವ ಮೊದಲು ಹೆಸರಿನ ಒಳಗೆ ಏನಿದೆ ಎಂದು ತೆಗೆದು ನೋಡಿ. ಕೆಲವು ಕಡೆ ಪ್ರಾಡಕ್ಟ್ ಮ್ಯಾನೇಜರ್ ಎಂದರೆ ಗಡುವು, ಸಭೆ, ವರದಿಗಳನ್ನು ನೋಡಿಕೊಳ್ಳುವ ಪ್ರಾಜೆಕ್ಟ್ ಮ್ಯಾನೇಜರ್. ಇನ್ನು ಕೆಲವು ಕಡೆ ಗ್ರಾಹಕರು ಹೇಳಿದ್ದನ್ನು ಟಿಕೆಟ್ ಆಗಿ ಬರೆಯುವ ಗುಮಾಸ್ತರು. ನಿಮ್ಮ ಮ್ಯಾನೇಜರನ್ನು ಕೇಳಿ: ಕಳೆದ ಆರು ತಿಂಗಳಲ್ಲಿ ಈ ಹುದ್ದೆಯಲ್ಲಿದ್ದವರು ಯಾವ ಬೇಡಿಕೆಯನ್ನು ತಡೆದರು? ಒಂದು ಉದಾಹರಣೆಯೂ ಸಿಗದಿದ್ದರೆ ತೀರ್ಮಾನಗಳು ಬೇರೆಲ್ಲೋ ಆಗುತ್ತಿವೆ. ಸಂಬಳದ ವಿಷಯದಲ್ಲಿ, ಒಳಗಿನ ಬದಲಾವಣೆಗೆ ಏರಿಕೆ ಸಿಗದೇ ಇರಬಹುದು, ದರ್ಜೆ ಒಂದು ಮೆಟ್ಟಿಲು ಇಳಿಯಲೂಬಹುದು. ಅದಕ್ಕೆ ಬದಲಾಗಿ ಒಂದನ್ನು ಪಟ್ಟು ಹಿಡಿದು ಕೇಳಿ: ಆರು ತಿಂಗಳು ಪ್ರಯೋಗ, ಇಬ್ಬರಲ್ಲಿ ಯಾರಿಗೆ ಬೇಡವಾದರೂ ಹಳೆಯ ದರ್ಜೆಯಲ್ಲೇ ಡೆವಲಪರ್ ಕೆಲಸಕ್ಕೆ ಮರಳಬಹುದು ಎಂಬ ಮಾತು ಇಮೇಲ್‌ನಲ್ಲಿ ಬರಲಿ. ಫೋನಿನಲ್ಲಿ ‘ನೋಡೋಣ’ ಎಂದದ್ದು ಆ ಮ್ಯಾನೇಜರ್ ಬೇರೆ ಕಂಪನಿಗೆ ಹೋದ ದಿನವೇ ಅವರ ಜೊತೆ ಹೋಗುತ್ತದೆ.